ಸಂದರ್ಶನ ತಿದ್ದುವಾಗ ‘ಎಲ್ಲ ಬದಲಿಸು’ ಒತ್ತುವ ಮುನ್ನ

ಹಾವೇರಿ ಕಡೆಯ ಹತ್ತಿ ಬೆಳೆಗಾರರ ಎರಡು ತಾಸಿನ ಮಾತನ್ನು ಸಾಫ್ಟ್‌ವೇರ್‌ನಿಂದ ಬರಹಕ್ಕೆ ಇಳಿಸಿದ್ದೀರಿ ಅಂದ್ಕೊಳ್ಳಿ. ‘ಹ’ ಮೆತ್ತಗೆ ಕೇಳಿಸಿದಲ್ಲೆಲ್ಲ ‘ಹತ್ತಿ’ ಹೋಗಿ ‘ಅತ್ತಿ’ ಬಂದಿರಬಹುದು. ಒಂದೇ ಏಟಿಗೆ ಎಲ್ಲ ಬದಲಿಸಿದರೆ ‘ಅತ್ತಿಗೆ ಹೇಳಿದ್ಲು’ ಅನ್ನೋದು ‘ಹತ್ತಿಗೆ ಹೇಳಿದ್ಲು’ ಆಗುತ್ತದೆ! ‘ಹತ್ತಿಗೆ’ ಸರಿಯಾದ ಪದವೇ ಆದ್ದರಿಂದ ಕಾಗುಣಿತ ತಪಾಸಣೆಗೂ ಸಿಗದು. ಹುಡುಕಿ, ಒಂದೊಂದಾಗಿ ನೋಡಿ ಬದಲಿಸಿ.

‘ಐತಿ’, ‘ಬಂದಾನ’ ತಪ್ಪಲ್ಲ, ನಮ್ಮ ಕಡೆ ಮಾತೇ ಹಾಗೆ. ಅವನ್ನು ಉಳಿಸಬೇಕೋ ಬೇಡವೋ ಮೊದಲೇ ನಿರ್ಧರಿಸಿ. ‘ಬರಂಗಿಲ್ಲ’, ‘ಕೊಡಂಗಿಲ್ಲ’ ಬಂದಲ್ಲಿ ಮಾತ್ರ ಆಡಿಯೋ ಮತ್ತೆ ಕೇಳಲೇಬೇಕು. ಕೊನೆಯ ‘ಇಲ್ಲ’ ನುಂಗಿ ಹೋದರೆ ಅರ್ಥವೇ ಉಲ್ಟಾ.

ಒಂದೇ ಸಾಲು ಮೂರ್ನಾಲ್ಕು ಸಲ ಬಂದಿದ್ದರೆ ಅನುಮಾನಪಡಿ. ಯಾರೂ ಮಾತಾಡದೆ ಸುಮ್ನಿದ್ದ ಜಾಗದಲ್ಲಿ ಕೆಲವು ಸಾಫ್ಟ್‌ವೇರ್ ಹಾಗೆ ತುಂಬಿಸುತ್ತವೆ.