ಒಂದು ಬಟವಾಡೆಯ ಟ್ರಯಲ್: ಕಾಫಿ ತೋಟಕ್ಕೆ ಮೇಲ್‌ನಲ್ಲೇ ಸಾಫ್ಟ್‌ವೇರ್ ಮಾರಿದ ನನ್ನ ಅನುಭವ

ಪ್ಲಾಂಟರ್‌ಗಳು ಮೇಲ್ ನೋಡಲ್ಲ, ನೋಡಿದರೂ ಫೋನ್ ಮಾಡಿ ಬನ್ನಿ ಅಂತಾರೆ, ಬಿಟ್ಟಿ ಕೊಟ್ಟರೆ ಬೆಲೆಯೇ ಇರಲ್ಲ. ಆಳುಗಳ ಹಾಜರಿ, ಕೂಲಿ ಲೆಕ್ಕದ ಮಸ್ಟರ್ ಸಾಫ್ಟ್‌ವೇರ್ ಮಾರುವವರಿಂದ ನಾನು ಹೆಚ್ಚಾಗಿ ಕೇಳಿದ್ದು ಈ ಮೂರು ಮಾತು. ಆದರೆ ಈಗ ನನ್ನ ಸಾಫ್ಟ್‌ವೇರ್ ಕೊಂಡ ಹೊಸ ತೋಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಒಂದು ಮೇಲ್‌ನಿಂದ ಶುರುವಾದವು. ಆಲ್ದೂರು, ಮೂಡಿಗೆರೆ, ಸಕಲೇಶಪುರ ಕಡೆಯ 40ರಿಂದ 150 ಎಕರೆ ತೋಟಗಳಿಗೆ ಹೊಂದಿದ ರೀತಿ ಇದು. ಕಂಪನಿ ತೋಟಗಳ ಲೆಕ್ಕಾಚಾರವೇ ಬೇರೆ, ಅದು ಇಲ್ಲಿಲ್ಲ.

ಮೊದಲು ಎಲ್ಲರೂ ಕೊಡುವ 30 ದಿನದ ಉಚಿತ ಟ್ರಯಲ್ ತೋಟದಲ್ಲಿ ಯಾಕೆ ನಿಲ್ಲಲ್ಲ ಅಂತ ನೋಡಿ. ಲಿಂಕ್ ಒತ್ತಿ ಖಾತೆ ತೆರೆದ ದಿನವೇ ಗಡಿಯಾರ ಶುರುವಾಗುತ್ತದೆ. ಆದರೆ ಸಾಫ್ಟ್‌ವೇರ್ ಒಳಗೆ ಏನೂ ಇರಲ್ಲ. ಅರವತ್ತು ಆಳಿನ ಹೆಸರು, ನಂಬರು, ಕೂಲಿ ದರ ಯಾರು ಹೊಡೆಯಬೇಕು? ತೋಟದ ಲೆಕ್ಕ ಬರೆಯುವ ರೈಟರ್. ಅವನಿಗೆ ಆಗಲೇ ಹಾಜರಿ, ತೂಕ, ಪಲ್ಪರ್ ಹತ್ತಿರದ ಓಡಾಟ ಎಲ್ಲ ಇದೆ. ಹತ್ತು ಹೆಸರು ಹೊಡೆದು ಬಿಡುತ್ತಾನೆ. ತಿಂಗಳು ಮುಗಿದಾಗ ಸಾಹುಕಾರರ ಕೈಯಲ್ಲಿ ಒಪ್ಪಲೂ ಬೇಡ ಅನ್ನಲೂ ಏನೂ ಇರಲ್ಲ. ನಿಮ್ಮ ಕಡೆಯಿಂದ ಹಣ ಹೋಗಿಲ್ಲ ಅಂತ ಕಾಣುತ್ತದೆ, ಆದರೆ ಆ ತೋಟ ಮುಂದಿನ ಸೀಸನ್‌ವರೆಗೂ ಮುಚ್ಚಿದಂತೆ. ‘ನೋಡಿದ್ವಿ, ಸರಿ ಹೋಗಲಿಲ್ಲ’ ಅನ್ನುವ ಮಾತು ಪಕ್ಕದ ತೋಟಕ್ಕೂ ಹೋಗಿರುತ್ತದೆ. ‘ಇಷ್ಟ ಆಗದಿದ್ದರೆ ದುಡ್ಡು ವಾಪಸ್’ ಅನ್ನುವುದೂ ಹೀಗೇ. ಒಂದು ಸಲ ಕೊಟ್ಟ ದುಡ್ಡನ್ನು ಕೇಳಿ ಪಡೆಯುವ ಮುಜುಗರ ಬೇಡ ಅಂತಲೇ ಸಣ್ಣ ಪ್ಲಾಂಟರ್ ಕೊಡುವುದಿಲ್ಲ.

ಅವರ ಭಯ ದುಡ್ಡಿನದಲ್ಲ. ವಾರದ ಕೂಲಿ ಕೊಡುವ ಬಟವಾಡೆ ದಿನ ಲೆಕ್ಕ ತಪ್ಪಿದರೆ ಆಳುಗಳು ಮಾರನೇ ದಿನ ಬೇರೆ ತೋಟಕ್ಕೆ ಹೋಗುತ್ತಾರೆ. ಕುಯ್ಲಿನ ವೇಳೆ ಇಪ್ಪತ್ತು ಜನ ಬಿಟ್ಟರೆ ಹಣ್ಣು ಗಿಡದಲ್ಲೇ ಒಣಗುತ್ತದೆ. ಇನ್ನೊಂದು ಭಯ ರೈಟರ್ ಮುನಿಸಿಕೊಂಡಾನು ಅನ್ನುವುದು. ಮೇಲ್‌ನಲ್ಲಿ ತೆಗೆಯಬೇಕಾದ ರಿಸ್ಕ್ ಇವೆರಡು. ಅದಕ್ಕೇ ನನ್ನ ಟ್ರಯಲ್‌ನ ಅಳತೆ ದಿನ ಅಲ್ಲ, ಒಂದು ಬಟವಾಡೆ. ಸೋಮವಾರದಿಂದ ಶನಿವಾರದವರೆಗೆ ಪುಸ್ತಕ ಎಂದಿನಂತೆ ನಡೆಯುತ್ತದೆ, ಸಾಫ್ಟ್‌ವೇರ್ ಅದರ ಪಕ್ಕದಲ್ಲಿ ನಡೆಯುತ್ತದೆ, ಕೂಲಿ ಕೊಡುವುದು ಪುಸ್ತಕದ ಲೆಕ್ಕದಲ್ಲೇ.

ಕಳಿಸುವ ಮೇಲ್ ಹೆಚ್ಚು ಕಡಿಮೆ ಇಷ್ಟೇ. ಸಬ್ಜೆಕ್ಟ್: ‘ಒಂದು ಬಟವಾಡೆ ಲೆಕ್ಕ, ನಿಮ್ಮ ಪುಸ್ತಕದ ಜೊತೆಗೆ’.

> ಸರ್, ನಮಸ್ಕಾರ.
>
> ಕುಯ್ಲಿನ ಹಾಜರಿ ಮತ್ತು ಕೆಜಿ ಲೆಕ್ಕ ಮಾಡುವ ಸಾಫ್ಟ್‌ವೇರ್ ನಮ್ಮದು. ಒಂದೇ ಒಂದು ವಾರ, ಒಂದು ಗ್ಯಾಂಗಿಗೆ ಮಾತ್ರ, ನಿಮ್ಮ ಪುಸ್ತಕದ ಜೊತೆಗೆ ನಡೆಸಿ ತೋರಿಸುತ್ತೇವೆ. ಕೂಲಿ ನೀವು ಪುಸ್ತಕ ನೋಡಿಯೇ ಕೊಡಿ.
>
> ಹೆಸರಿನ ಪಟ್ಟಿ ನಾವೇ ಹೊಡೆಯುತ್ತೇವೆ. ರೈಟರ್ ಅವರಿಂದ ಬೇಕಾದದ್ದು ಹಿಂದಿನ ವಾರದ ಮಸ್ಟರಿನ ಫೋಟೊ ಮತ್ತು ಸಂಜೆ ತೂಕದ ಹೊತ್ತಿಗೆ ಹತ್ತು ನಿಮಿಷ. ಆಧಾರ್, ಬ್ಯಾಂಕ್ ವಿವರ ಬೇಡ. ಮುಂಗಡದ ಬಾಕಿ ಮುಟ್ಟುವುದಿಲ್ಲ.
>
> ಶನಿವಾರ ಎರಡೂ ಲೆಕ್ಕ ಪಕ್ಕಪಕ್ಕ ಇಡುತ್ತೇವೆ. ಒಬ್ಬರ ಕೂಲಿಯಲ್ಲಾದರೂ 15 ರೂಪಾಯಿಗಿಂತ ಹೆಚ್ಚು ವ್ಯತ್ಯಾಸ ನಮ್ಮಿಂದ ಬಂದಿದ್ದರೆ ಅಲ್ಲಿಗೆ ಮುಗಿಯಿತು. ಸರಿ ಇದ್ದೂ ಬೇಡ ಅನಿಸಿದರೆ ‘ಬೇಡ’ ಅಂತ ಒಂದು ಪದ ಸಾಕು, ಹೆಸರುಗಳನ್ನು ಅಳಿಸಿ ತಿಳಿಸುತ್ತೇವೆ. ಬೇಕಾದರೆ ವರ್ಷಕ್ಕೆ 14,000, ಜಿಎಸ್‌ಟಿ ಸೇರಿ 16,520.
>
> ಫ್ಲೈ ಪಿಕಿಂಗಿಗೆ ನಿಮ್ಮಲ್ಲಿ ದಿನಗೂಲಿಯೋ, ಕೆಜಿ ಲೆಕ್ಕವೋ?

ಕೊನೆಯ ಪ್ರಶ್ನೆ ಅಲಂಕಾರಕ್ಕಲ್ಲ. ‘ಯಾವಾಗ ಮಾತಾಡೋಣ’ ಅಂತ ಕೇಳಿದರೆ ಅವರು ಬಿಡುವು ಹುಡುಕಬೇಕು, ಅದು ಸೀಸನ್‌ನಲ್ಲಿ ಸಿಗಲ್ಲ. ದಿನಗೂಲಿಯೋ ಕೆಜಿಯೋ ಅಂದರೆ ಉತ್ತರ ನಾಲಗೆ ತುದಿಯಲ್ಲೇ ಇರುತ್ತದೆ. ಜೀಪಿನಲ್ಲಿ ಕೂತೇ ಒಂದು ಪದ ಬರೆದು ಕಳಿಸುತ್ತಾರೆ. ನನಗೂ ಆ ಉತ್ತರ ನಿಜವಾಗಿ ಬೇಕು. ಫ್ಲೈ ಪಿಕಿಂಗ್ ಅಂದರೆ ಮುಂಚೆ ಹಣ್ಣಾದದ್ದನ್ನಷ್ಟೇ ಆರಿಸಿ ಕುಯ್ಯುವುದು; ಹಣ್ಣು ಅಲ್ಲೊಂದು ಇಲ್ಲೊಂದು ಇರುವುದರಿಂದ ತುಂಬಾ ತೋಟಗಳಲ್ಲಿ ದಿನಗೂಲಿಯೇ ಕೊಡುತ್ತಾರೆ. ಅಂಥ ವಾರದಲ್ಲಿ ಟ್ರಯಲ್ ಮಾಡಿದರೆ ಬರೀ ಹಾಜರಿ ಕಾಣುತ್ತದೆ, ಸಾಫ್ಟ್‌ವೇರ್‌ನ ಅಸಲಿ ಕೆಲಸ ಕಾಣಲ್ಲ. ‘ಕೆಜಿ’ ಅಂದವರಿಗೆ ಫ್ಲೈ ಪಿಕಿಂಗ್ ವಾರವೇ ಒಳ್ಳೆಯದು: ಆಳು ಕಡಿಮೆ, ರೈಟರಿಗೆ ಉಸಿರಾಡಲು ಹೊತ್ತಿರುತ್ತದೆ. ‘ದಿನಗೂಲಿ’ ಅಂದವರಿಗೆ ಮೊದಲ ದೊಡ್ಡ ಸುತ್ತಿನ ಮೊದಲ ವಾರ ಕೇಳುತ್ತೇನೆ. ಎರಡನೇ ವಾರಕ್ಕೆ ಹೋದರೆ ಕಣ ತುಂಬಿರುತ್ತದೆ, ಯಾರೂ ನಿಮ್ಮ ಮುಖ ನೋಡಲ್ಲ. ಹಾಗಾಗಿ ಅರೇಬಿಕಾ ತೋಟಕ್ಕೆ ಅಕ್ಟೋಬರ್ ಮಧ್ಯದ ಹೊತ್ತಿಗೆ ಮೇಲ್ ಹೋಗಬೇಕು, ರೊಬಸ್ಟಾ ಮಾತ್ರ ಇರುವ ಕಡೆ ಡಿಸೆಂಬರ್ ಕೊನೆಗೆ.

ಮೇಲ್ ಇಷ್ಟು ಚಿಕ್ಕದಿರಲು ಇನ್ನೊಂದು ಕಾರಣ ಇದೆ. ತೋಟದ ಮೇಲ್ ಐಡಿ ಎಷ್ಟೋ ಸಲ ಬೆಂಗಳೂರಿನಲ್ಲಿರುವ ಮಗನ ಅಥವಾ ಮಗಳ ಫೋನಿನಲ್ಲಿರುತ್ತದೆ. ಅವರು ಸ್ಕ್ರೀನ್‌ಶಾಟ್ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡುತ್ತಾರೆ, ಅಪ್ಪ ಅದನ್ನು ರೈಟರಿಗೆ ತೋರಿಸುತ್ತಾರೆ. ಎರಡು ಸ್ಕ್ರೀನ್‌ಶಾಟ್‌ಗೆ ಮೀರಿದರೆ ಬೆಲೆಯ ಸಾಲು ಬಿದ್ದುಹೋಗುತ್ತದೆ. ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಒಂದು ಸೀಸನ್ ಬೆರೆಸಿ ಕಳಿಸಿ ನೋಡಿದೆ. ಉತ್ತರ ಎರಡಕ್ಕೂ ಹತ್ತಿರಹತ್ತಿರ ಅಷ್ಟೇ ಬಂತು, ಆದರೆ ಕನ್ನಡದ ಮೇಲ್ ರೈಟರ್ ಕೈಗೆ ಹಾಗೇ ಹೋಗುತ್ತದೆ, ಯಾರೂ ವಿವರಿಸಬೇಕಿಲ್ಲ. ಅಟ್ಯಾಚ್‌ಮೆಂಟ್, ಲಿಂಕ್ ಎರಡೂ ಹಾಕುವುದಿಲ್ಲ. ‘ಉಚಿತ’ ಅನ್ನುವ ಪದವನ್ನೂ ಸಬ್ಜೆಕ್ಟಿನಲ್ಲಿ ಇಡುವುದಿಲ್ಲ.

ಆ 15 ರೂಪಾಯಿ ಎಲ್ಲಿಂದ ಬಂತು ಅಂತ ಹೇಳಬೇಕು, ಯಾಕೆಂದರೆ ಟ್ರಯಲ್ ಗೆಲ್ಲುವುದು ಸೋಲುವುದು ಅಲ್ಲೇ. ಒಂದು ಗ್ಯಾಂಗಿನಲ್ಲಿ 30 ಜನ, ಸಂಜೆ ಒಂದೇ ತೂಕ, ಕೆಜಿಗೆ 5 ರೂಪಾಯಿ ಅಂತ ಇಟ್ಟುಕೊಳ್ಳಿ. ತಕ್ಕಡಿ 41.6 ತೋರಿಸಿದರೆ ಸಾಫ್ಟ್‌ವೇರ್ 41.6 ಅಂತಲೇ ಹಿಡಿಯುತ್ತದೆ, ರೈಟರ್ 42 ಬರೆಯುತ್ತಾನೆ. 41.4 ಇದ್ದರೆ 41. ಇದು ಮೋಸವಲ್ಲ, ತೋಟದ ರೂಢಿ. ದಿನಕ್ಕೆ ಹೆಚ್ಚೆಂದರೆ ಅರ್ಧ ಕೆಜಿ, ಆರು ದಿನಕ್ಕೆ ಮೂರು ಕೆಜಿ, ಅಂದರೆ ಒಬ್ಬರಿಗೆ 15 ರೂಪಾಯಿ. ಇದರ ಒಳಗಿನ ವ್ಯತ್ಯಾಸ ಪೂರ್ತಿ ರೂಢಿಯಿಂದಲೇ ಬಂದಿರಬಹುದು. ಇದನ್ನು ಮೀರಿದರೆ ಖಂಡಿತ ಎಲ್ಲೋ ತಪ್ಪಿದೆ. ‘ಎರಡೂ ಲೆಕ್ಕ ಒಂದೇ ಬರುತ್ತದೆ’ ಅಂತ ಮೇಲ್‌ನಲ್ಲಿ ಬರೆದರೆ ಶನಿವಾರ ಮೂವತ್ತರಲ್ಲಿ ಇಪ್ಪತ್ತೈದು ಸಾಲು ಬೇರೆ ಬೇರೆ ಕಾಣುತ್ತವೆ, ಟ್ರಯಲ್ ಅಲ್ಲೇ ಮುಗಿಯುತ್ತದೆ. ದಿನಕ್ಕೆ ಎರಡು ತೂಕ ಹಾಕುವ ತೋಟಕ್ಕೆ ಇದನ್ನು 30 ಮಾಡಿ ಕಳಿಸಿ. ದರ ಬೇರೆ ಇದ್ದರೆ ಆ ದರವನ್ನು ಮೂರು ಕೆಜಿಗೆ ಗುಣಿಸಿ.

ಮಿತಿ ಮೀರಿದ ಸಾಲುಗಳಲ್ಲಿ ತಪ್ಪು ಸಾಮಾನ್ಯವಾಗಿ ಎರಡೇ ಕಡೆ. ಒಂದು, ಒಂದೇ ಹೆಸರಿನವರು. ಒಂದು ಗ್ಯಾಂಗಿನಲ್ಲಿ ಮೂವರು ಲಕ್ಷ್ಮಿ ಇದ್ದರೆ ಇಬ್ಬರ ಕೆಜಿ ಅದಲುಬದಲಾಗುತ್ತದೆ. ಒಬ್ಬಳಿಗೆ ಎಷ್ಟು ಹೆಚ್ಚೋ ಇನ್ನೊಬ್ಬಳಿಗೆ ಸುಮಾರು ಅಷ್ಟೇ ಕಡಿಮೆ ಕಂಡರೆ ಅದೇ. ಹೆಸರಿನ ಬದಲು ಮಸ್ಟರ್ ನಂಬರಿನಲ್ಲೇ ಹೊಡೆಯಬೇಕು. ಇನ್ನೊಂದು, ಚೀಲದ ತೂಕ. ರೈಟರ್ ಚೀಲಕ್ಕೆ ಇಷ್ಟು ಅಂತ ಮನಸ್ಸಿನಲ್ಲೇ ಕಳೆದು ಬರೆಯುತ್ತಾನೆ, ಸಾಫ್ಟ್‌ವೇರಿಗೆ ತಕ್ಕಡಿಯ ಅಂಕಿ ಹಾಗೇ ಹೋಗಿರುತ್ತದೆ. ಆಗ ಎಲ್ಲ ಸಾಲಿನಲ್ಲೂ ಒಂದೇ ಕಡೆಗೆ ಹೆಚ್ಚು ಬರುತ್ತದೆ. ಇದನ್ನು ಸೋಮವಾರ ಸಂಜೆಯೇ ಕೇಳಿ ಸರಿಮಾಡಿಕೊಳ್ಳಿ, ಶನಿವಾರದವರೆಗೆ ಬಿಡಬೇಡಿ.

ಮೇಸ್ತ್ರಿ ಮೂಲಕ ಬಂದ ಅಸ್ಸಾಂ ಗ್ಯಾಂಗನ್ನು ಟ್ರಯಲ್‌ಗೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ದುಡ್ಡು ಹೋಗುವುದು ಮೇಸ್ತ್ರಿ ಕೈಗೆ, ಒಬ್ಬೊಬ್ಬರ ಲೆಕ್ಕ ಹೊರಗೆ ಬಂದರೆ ಬೇರೆ ಜಗಳ ಶುರುವಾಗುತ್ತದೆ. ಲೈನ್ ಮನೆಯ ಕಾಯಂ ಆಳುಗಳ ಗ್ಯಾಂಗ್ ಕೇಳಿ. ಮುಂಗಡವನ್ನು ಹೊರಗಿಡುವುದೂ ಇದೇ ಕಾರಣಕ್ಕೆ: ಹಳೇ ಬಾಕಿ ಯಾವ ಪುಸ್ತಕದಲ್ಲಿ ಎಷ್ಟಿದೆ ಅಂತ ಒಂದು ವಾರದಲ್ಲಿ ಯಾರೂ ಬಗೆಹರಿಸಲಾರರು.

ಇನ್ನು ದುಡ್ಡು. ಒಂದು ಟ್ರಯಲ್‌ಗೆ ನನ್ನ ಕೈಯಿಂದ ಸುಮಾರು 1,500 ಹೋಗುತ್ತದೆ: ಸೋಮವಾರ, ಶನಿವಾರ ಎರಡು ಸಲ ತೋಟಕ್ಕೆ ಹೋಗಿ ಬರುವ ಪೆಟ್ರೋಲ್, ಪಟ್ಟಿ ಹೊಡೆಯುವ ಹುಡುಗನ ಅರ್ಧ ದಿನದ ಕೂಲಿ, ಕೊಡುವ ಪ್ರಿಂಟ್. ಮಸ್ಟರಿನ ಫೋಟೊದಿಂದ ಪಟ್ಟಿಯನ್ನು ಒಂದೇ ಸಂಜೆಯಲ್ಲಿ ತಪ್ಪಿಲ್ಲದೆ ತೆಗೆಯುವ ರೀತಿ ನನ್ನದೇ ಇದೆ, ಅದನ್ನು ಇಲ್ಲಿ ಬಿಚ್ಚಿಡಲ್ಲ. ಟ್ರಯಲ್ ಮುಗಿಸಿದ ಮೂರು ತೋಟದಲ್ಲಿ ಎರಡು ಕೊಳ್ಳುತ್ತವೆ ಅಂತ ಇಟ್ಟರೂ ಒಂದು ತೋಟ ಹಿಡಿಯಲು ಎರಡು ಸಾವಿರದ ಮೇಲೆ ಸ್ವಲ್ಪ. ಅದಕ್ಕಿಂತ ಮುಂಚೆ ಬೋರ್ಡ್, ಸ್ಟಾಲ್ ಅಂತ ಸುರಿದ ದುಡ್ಡಿಗೆ ಇದು ಏನೇನೂ ಅಲ್ಲ.

ಒಂದು ಸೀಸನ್ 1,000 ರೂಪಾಯಿ ಡಿಪಾಸಿಟ್ ಇಟ್ಟು ನೋಡಿದೆ, ಬೇಡ ಅಂದರೆ ವಾಪಸ್. ಮೇಲ್‌ಗೆ ಉತ್ತರ ಅರ್ಧಕ್ಕೆ ಇಳಿಯಿತು. ಆದರೆ ಕೊಟ್ಟವರು ಒಬ್ಬರೂ ವಾರದ ಮಧ್ಯೆ ನಿಲ್ಲಿಸಲಿಲ್ಲ. ಮೇಲ್‌ನಲ್ಲಿ ಡಿಪಾಸಿಟ್ ಬರೆಯದೆ, ನೂರು ಎಕರೆ ಮೀರಿದ ತೋಟ ಎರಡನೇ ಗ್ಯಾಂಗನ್ನೂ ಸೇರಿಸಿ ಅಂದಾಗ ಮಾತ್ರ ಈಗ ಕೇಳುತ್ತೇನೆ. ಲೆಕ್ಕದ ವಿಷಯ: ವಾಪಸ್ ಕೊಡುವ ಡಿಪಾಸಿಟ್ಟನ್ನು ಬೆಲೆಗೆ ಹೊಂದಿಸಿಕೊಳ್ಳುವವರೆಗೆ ಜಿಎಸ್‌ಟಿಯಲ್ಲಿ ಅದು ಮಾರಾಟದ ಹಣ ಅಲ್ಲ. ರಸೀದಿಯಲ್ಲಿ ಡಿಪಾಸಿಟ್ ಅಂತಲೇ ಬರೆಯಿರಿ, ಕೊಂಡ ದಿನ ಬಿಲ್‌ಗೆ ಹೊಂದಿಸಿ.

ಇದೇ ಮೇಲನ್ನು ಹಾಸನದಲ್ಲಿ ಆಲೂಗಡ್ಡೆ ಮಂಡಿಯವರಿಗೂ ತಿರುಗಿಸಿ ಬರೆದೆ, ಒಂದು ವಾರದ ಪಟ್ಟಿ ಅಂತ. ಹಿಡಿಯಲಿಲ್ಲ. ಮಂಡಿಯಲ್ಲಿ ರೈತನ ಲೆಕ್ಕ ಅವತ್ತಿನದು ಅವತ್ತೇ ಮುಗಿಯಬೇಕು, ವಾರ ಅನ್ನುವ ಗಡುವೇ ಅವರಿಗಿಲ್ಲ. ‘ಒಂದು ದಿನದ ಪಟ್ಟಿ’ ಅಂತ ಬದಲಿಸಿದ ಮೇಲೆ ಉತ್ತರ ಬರತೊಡಗಿತು. ಕೊಳ್ಳುವವರ ಲೆಕ್ಕ ಎಲ್ಲಿ ಮುಗಿಯುತ್ತದೋ ಟ್ರಯಲ್ ಕೂಡ ಅಲ್ಲೇ ಮುಗಿಯಬೇಕು.

ಶನಿವಾರ ಲೆಕ್ಕ ಹೊಂದಿಸಿ ನೋಡಿದ ಮೇಲೆ ಅಲ್ಲೇ ಕೂತು ಮಾರಬೇಡಿ. ರೈಟರ್ ಎದುರಿಗೆ ಸಾಹುಕಾರರು ಹೂಂ ಅನ್ನುವುದಿಲ್ಲ. ಸಂಜೆ ಒಂದು ಮೇಲ್ ಹೋಗಲಿ: ಟ್ರಯಲ್ ಮುಗಿಯಿತು, ಇಷ್ಟು ಜನ, ಇಷ್ಟು ಸಾಲು ಮಿತಿಯೊಳಗೆ, ಇಷ್ಟು ಹೊರಗೆ ಮತ್ತು ಅದರ ಕಾರಣ ಇದು. ಅದರ ಜೊತೆ ಒಂದು ಸಾಲು: ‘ಮುಂದಿನ ಶನಿವಾರದೊಳಗೆ ನಿಮ್ಮಿಂದ ಸುದ್ದಿ ಬರದಿದ್ದರೆ ಹೆಸರುಗಳನ್ನು ಅಳಿಸುತ್ತೇವೆ’. ಇಲ್ಲಿ ಮಾತ್ರ ಎಕ್ಸೆಲ್ ಫೈಲ್ ಲಗತ್ತಿಸಿ, ಅದು ಅವರದೇ ಲೆಕ್ಕ. ನಡುವೆ ಯಾವ ದಿನ ಏನು ನೆನಪಿಸಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಸುದ್ದಿ ಬರದಿದ್ದರೆ ಹೇಳಿದ ದಿನವೇ ಅಳಿಸಿ, ಅಳಿಸಿದ್ದೇವೆ ಅಂತ ಬರೆಯಿರಿ. ಆ ಮೇಲ್ ಹೋದ ಮೇಲೆ ‘ಮತ್ತೆ ಹಾಕಿ ಕೊಡಿ’ ಅಂತ ಫೋನ್ ಮಾಡಿದ ತೋಟಗಳೂ ಇವೆ. ಅವರಿಗೆ ಎರಡನೇ ಟ್ರಯಲ್ ಇಲ್ಲ, ನೇರ ಬಿಲ್.