ರೋಟರಿ ಸ್ಥಾನಸೂಚಿ: ಜೋಡಿ ತಪ್ಪದಂತೆ ಕೂರಿಸುವುದು ಹೇಗೆ?

‘ಹುಲಿ ಹಸುವನ್ನು ತಿಂದಿತು’ ಅಂದರೂ ‘ಹಸುವನ್ನು ಹುಲಿ ತಿಂದಿತು’ ಅಂದರೂ ಕನ್ನಡದಲ್ಲಿ ಅರ್ಥ ಕೆಡುವುದಿಲ್ಲ. ವಿಭಕ್ತಿ ಪ್ರತ್ಯಯ ಕಾಯುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್ ಮಾದರಿಯೊಳಗೆ ಹೋಗುವ ಮೊದಲು ಟೋಕನೈಸರ್ ಈ ವಾಕ್ಯವನ್ನು ಹುಲಿ, ಹಸು, ವನ್ನು, ತಿಂದಿತು ಎಂದು ನಾಲ್ಕು ತುಂಡು ಮಾಡೀತು. ‘ವನ್ನು’ ಯಾರಿಗೆ ಅಂಟಿಕೊಂಡಿತ್ತು ಎಂದು ಆಮೇಲೆ ಹೇಳುವವರು ಯಾರು? ಅಟೆನ್ಷನ್ ಎಂದರೆ ಒಂದು ಟೋಕನ್ನಿನ ಕ್ವೆರಿ ವೆಕ್ಟರನ್ನು ಇನ್ನೊಂದರ ಕೀ ವೆಕ್ಟರಿನೊಂದಿಗೆ ಗುಣಿಸಿ ಅಂಕ ಕೊಡುವುದು. ಆ ಗುಣಾಕಾರದಲ್ಲಿ ಹತ್ತಿರ–ದೂರದ ಮಾತೇ ಇಲ್ಲ. ಆದ್ದರಿಂದ ಪ್ರತಿ ಟೋಕನ್ನಿಗೂ ಅದರ ಸ್ಥಾನದ ಗುರುತನ್ನು ನಾವೇ ಹಚ್ಚಬೇಕು. ಈ ಗುರುತೇ ಸ್ಥಾನಸೂಚಿ.

ಹಚ್ಚುವ ಕೆಲಸ ಸುಲಭವಾಗಿ ಕಾಣುತ್ತದೆ. ಆದರೆ ಇಲ್ಲಿ ತಪ್ಪಾದರೆ ಪ್ರೋಗ್ರಾಂ ನಿಲ್ಲುವುದಿಲ್ಲ, ಎರರ್ ಬರುವುದಿಲ್ಲ. ಮಾದರಿ ಸುಮ್ಮನೆ ಅಸಂಬದ್ಧ ಬರೆಯತೊಡಗುತ್ತದೆ. ಜೊತೆಯಲ್ಲಿ ಕೆಲಸ ಮಾಡುವವರು ಇದೇ ಜಾಗದಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದದ್ದನ್ನು ನೋಡಿದ್ದೇನೆ. ಈ ಲೇಖನ ಅದಕ್ಕಾಗಿ.

ಹೆಜ್ಜೆ 1: ಯಾವ ಸ್ಥಾನಸೂಚಿ ಬೇಕೆಂದು ಮೊದಲೇ ತೀರ್ಮಾನಿಸಿ

ಟ್ರಾನ್ಸ್‌ಫಾರ್ಮರನ್ನು ಪರಿಚಯಿಸಿದ 2017ರ ಪ್ರಬಂಧ ಬಳಸಿದ್ದು ಸೈನ್–ಕೊಸೈನ್ ವಿಧಾನ. ಬೇರೆ ಬೇರೆ ವೇಗದ ಅಲೆಗಳಿಂದ ಪ್ರತಿ ಸ್ಥಾನಕ್ಕೂ ಒಂದು ವೆಕ್ಟರ್ ಮಾಡಿ, ಅದನ್ನು ಟೋಕನ್ನಿನ ವೆಕ್ಟರಿಗೆ ಕೂಡಿಸುತ್ತಾರೆ. ಕಲಿಯಬೇಕಾದ ಸಂಖ್ಯೆ ಒಂದೂ ಇಲ್ಲ, ಎಷ್ಟು ಉದ್ದಕ್ಕಾದರೂ ಲೆಕ್ಕ ಹಾಕಬಹುದು. ಆದರೆ ಅರ್ಥವೂ ಸ್ಥಾನವೂ ಒಂದೇ ಪಾತ್ರೆಯಲ್ಲಿ ಕಲಸಿಹೋಗುತ್ತವೆ. ಅವನ್ನು ಬಿಡಿಸಿಕೊಳ್ಳುವ ಕೆಲಸ ಮುಂದಿನ ಪದರಗಳ ಮೇಲೆ ಬೀಳುತ್ತದೆ.

ಕಲಿತ ಸ್ಥಾನಸೂಚಿ ಎಂದರೆ ಒಂದು ಪಟ್ಟಿ. ಸ್ಥಾನ 0ಕ್ಕೆ ಒಂದು ಸಾಲು, ಸ್ಥಾನ 1ಕ್ಕೆ ಒಂದು ಸಾಲು. ಸಾಲಿನಲ್ಲಿ ಏನಿರಬೇಕೆಂಬುದನ್ನು ತರಬೇತಿಯೇ ನಿರ್ಧರಿಸುತ್ತದೆ. ಬರ್ಟ್‌ನಲ್ಲಿ 512 ಸಾಲು, ಜಿಪಿಟಿ-2ರಲ್ಲಿ 1024. ಪಟ್ಟಿ ಮುಗಿಯಿತೆಂದರೆ ಮುಗಿಯಿತು, 1025ನೇ ಟೋಕನ್ನಿಗೆ ಸಾಲೇ ಇಲ್ಲ. ಕನ್ನಡದವರಿಗೆ ಇದು ಬೇಗ ತಟ್ಟುತ್ತದೆ. ಯೂನಿಕೋಡಿನ ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಗುಣಿತದ ಒಂದೊಂದು ಚಿಹ್ನೆಗೂ 3 ಬೈಟು ಬೇಕು. ಕನ್ನಡ ಅರಿಯದ ಟೋಕನೈಸರ್ ಬೈಟು ಬೈಟಾಗಿ ಒಡೆದರೆ 1024 ಸಾಲಿನ ಪಟ್ಟಿ ಸುಮಾರು 340 ಚಿಹ್ನೆಗಳಿಗೇ ತುಂಬಿಹೋಗುತ್ತದೆ. ಅಂದರೆ ನಾಲ್ಕೈದು ಸಾಲಿನ ಬರಹ.

ರೋಟರಿ ವಿಧಾನವನ್ನು ಜಿಯಾನ್ಲಿನ್ ಸು ಮತ್ತು ಸಂಗಡಿಗರು 2021ರಲ್ಲಿ ಮುಂದಿಟ್ಟರು. ಇಲ್ಲಿ ಏನನ್ನೂ ಕೂಡಿಸುವುದಿಲ್ಲ. ಕ್ವೆರಿ ಮತ್ತು ಕೀ ವೆಕ್ಟರುಗಳನ್ನು ಅವುಗಳ ಸ್ಥಾನಕ್ಕೆ ತಕ್ಕಷ್ಟು ತಿರುಗಿಸುತ್ತೇವೆ. ಇಬ್ಬರೂ ತಿರುಗಿರುವುದರಿಂದ ಗುಣಿಸಿದಾಗ ಉಳಿಯುವುದು ಅವರ ನಡುವಿನ ಅಂತರ ಮಾತ್ರ.

ನನ್ನ ಸಲಹೆ ನೇರವಾಗಿದೆ. ಪಠ್ಯ ಬರೆಯುವ ಮಾದರಿಯನ್ನು ಹೊಸದಾಗಿ ಕಟ್ಟುತ್ತಿದ್ದರೆ ರೋಟರಿಯನ್ನೇ ಹಾಕಿ. ಇನ್‌ಪುಟ್ ಎಂದೂ 128 ಟೋಕನ್ ದಾಟದ ಸಣ್ಣ ವರ್ಗೀಕರಣದ ಕೆಲಸವಾದರೆ ಕಲಿತ ಪಟ್ಟಿ ಸಾಕು. ನಾಲ್ಕು ಸಾಲಿನ ಕೋಡು, ತಪ್ಪುವ ಜಾಗವೂ ಕಡಿಮೆ. ಸೈನ್–ಕೊಸೈನನ್ನು ಒಮ್ಮೆ ಕೈಯಾರೆ ಬರೆದು ಅರ್ಥ ಮಾಡಿಕೊಳ್ಳಿ, ಏಕೆಂದರೆ ರೋಟರಿ ಬಳಸುವುದು ಅದೇ ವೇಗಗಳನ್ನು.

ಹೆಜ್ಜೆ 2: ಕೋನಗಳನ್ನು ಲೆಕ್ಕ ಹಾಕಿ

ಒಂದು ಅಟೆನ್ಷನ್ ಹೆಡ್ಡಿನ ಅಗಲ 8 ಎಂದಿಟ್ಟುಕೊಳ್ಳಿ. ಎರಡೆರಡು ಸಂಖ್ಯೆ ಸೇರಿ ನಾಲ್ಕು ಜೋಡಿ. ವೇಗಗಳನ್ನು ನಿರ್ಧರಿಸುವ ಸಂಖ್ಯೆಗೆ ಬೇಸ್ ಎನ್ನುತ್ತಾರೆ. ಅದು 10000 ಆದರೆ ನಾಲ್ಕು ಜೋಡಿಗಳ ವೇಗ ಕ್ರಮವಾಗಿ 1, 0.1, 0.01, 0.001 ರೇಡಿಯನ್. ಸ್ಥಾನ 3ರ ಟೋಕನ್ನಿನಲ್ಲಿ ಮೊದಲ ಜೋಡಿ 3 ರೇಡಿಯನ್ ತಿರುಗುತ್ತದೆ, ಎರಡನೆಯದು 0.3, ಹೀಗೆ. ಗಡಿಯಾರದ ಮುಳ್ಳುಗಳಂತೆ ಒಂದು ಓಡುತ್ತದೆ, ಒಂದು ತೆವಳುತ್ತದೆ.

ಈ ಲೆಕ್ಕವನ್ನು `float32`ನಲ್ಲೇ ಮಾಡಿ. ಮಾದರಿ ಪೂರ್ತಿ `bfloat16`ನಲ್ಲಿದೆ ಎಂದು ಸ್ಥಾನಸಂಖ್ಯೆಯನ್ನೂ ಅದಕ್ಕೇ ಇಳಿಸಿದರೆ 256ರ ಆಚೆ ಪೂರ್ಣಾಂಕಗಳೇ ಸರಿಯಾಗಿ ಕೂರುವುದಿಲ್ಲ. 257 ಹೋಗಿ 256 ಆಗುತ್ತದೆ; 1024 ದಾಟಿದ ಮೇಲೆ ಎಂಟೆಂಟು ಹೆಜ್ಜೆಯಲ್ಲೇ ಎಣಿಕೆ. ಅಕ್ಕಪಕ್ಕದ ಟೋಕನ್ನುಗಳಿಗೆ ಒಂದೇ ಸ್ಥಾನ ಸಿಗುತ್ತದೆ. ಚಿಕ್ಕ ಪಠ್ಯ ಸರಿ, ಉದ್ದ ಪಠ್ಯ ಮಾತ್ರ ಮಸುಕು ಎಂದು ಕಂಡರೆ ಮೊದಲು ನೋಡಬೇಕಾದದ್ದು ಇದನ್ನು.

ಹೆಜ್ಜೆ 3: ಜೋಡಿ ಕಟ್ಟುವುದು. ಇಲ್ಲಿ ನಿಧಾನಿಸಿ

ಎಂಟು ಸಂಖ್ಯೆಗಳಲ್ಲಿ ಯಾವುದಕ್ಕೆ ಯಾವುದು ಜೋಡಿ? ಎರಡು ಪದ್ಧತಿ ಬಳಕೆಯಲ್ಲಿವೆ. ಒಂದರಲ್ಲಿ ಪಕ್ಕಪಕ್ಕದವು ಜೋಡಿ: 0–1, 2–3, 4–5, 6–7. ರೋಟರಿಯ ಮೂಲ ಪ್ರಬಂಧದ್ದೂ, ಮೆಟಾ ಬಿಡುಗಡೆ ಮಾಡಿದ ಲಾಮಾದ ಮೂಲ ಕೋಡಿನದೂ ಈ ಪದ್ಧತಿ. ಇನ್ನೊಂದರಲ್ಲಿ ವೆಕ್ಟರನ್ನು ನಡುವೆ ಸೀಳಿ, ಮೊದಲರ್ಧವನ್ನು ಎರಡನೆಯ ಅರ್ಧಕ್ಕೆ ಜೋಡಿಸುತ್ತಾರೆ: 0–4, 1–5, 2–6, 3–7. ಹಗ್ಗಿಂಗ್ ಫೇಸಿನ ಟ್ರಾನ್ಸ್‌ಫಾರ್ಮರ್ಸ್ ಲೈಬ್ರರಿಯಲ್ಲಿ ಲಾಮಾ ಮಾದರಿಗೆ ಇರುವುದು ಇದು. ಅರ್ಧ ಸೀಳುವ ಪದ್ಧತಿ ಹೀಗಿದೆ:

```python
def rope(x, pos, base=10000.0):
    d = x.shape[-1]
    i = torch.arange(0, d, 2, device=x.device).float()
    ang = pos.float()[:, None] * base ** (-i / d)
    ang = torch.cat((ang, ang), dim=-1)
    a, b = x.float().chunk(2, dim=-1)
    rot = torch.cat((-b, a), dim=-1)
    return (x.float() * ang.cos() + rot * ang.sin()).to(x.dtype)
```

ಹೊಸದಾಗಿ ತರಬೇತಿ ಕೊಡುವುದಾದರೆ ಯಾವ ಪದ್ಧತಿಯಾದರೂ ನಡೆಯುತ್ತದೆ, ಮಾದರಿ ಅದಕ್ಕೇ ಹೊಂದಿಕೊಂಡು ಕಲಿಯುತ್ತದೆ. ಕೆಡುವುದು ಒಂದು ಪದ್ಧತಿಯಲ್ಲಿ ಕಲಿತ ತೂಕಗಳನ್ನು ಇನ್ನೊಂದು ಪದ್ಧತಿಯ ಕೋಡಿಗೆ ತುಂಬಿದಾಗ. ಸ್ಥಾನ 3ರಲ್ಲಿ 1ನೇ ಮನೆಯ ಸಂಖ್ಯೆಯನ್ನೇ ನೋಡಿ. ಪಕ್ಕಪಕ್ಕದ ಪದ್ಧತಿಯಲ್ಲಿ ಅದು ಮೊದಲ ಜೋಡಿಯದು, 3 ರೇಡಿಯನ್ ತಿರುಗಬೇಕು, ಸುಮಾರು 172 ಡಿಗ್ರಿ. ಸೀಳುವ ಪದ್ಧತಿಯಲ್ಲಿ ಅದೇ ಸಂಖ್ಯೆ ಎರಡನೇ ಜೋಡಿಗೆ ಸೇರಿ ಬರೀ 0.3 ರೇಡಿಯನ್ ತಿರುಗುತ್ತದೆ, ಸುಮಾರು 17 ಡಿಗ್ರಿ. ಸಂಗಾತಿಯೂ ತಪ್ಪು, ತಿರುವೂ ತಪ್ಪು.

ನಮ್ಮ ತಂಡದ ಹುಡುಗನೊಬ್ಬ ಮೂರು ದಿನ ತಡಕಾಡಿ ಬಂದು, “ಮೇಡಂ, ಒಂದೇ ಟೋಕನ್ ಕೊಟ್ಟು ನೋಡಿದ್ರೆ ಪಕ್ಕಾ ಸರಿ ಬರ್ತಿದೆ, ವಾಕ್ಯ ಕೊಟ್ರೆ ಹಾಳಾಗ್ತಿದೆ” ಅಂದ. ಉತ್ತರ ಅವನ ಮಾತಿನಲ್ಲೇ ಇತ್ತು. ಮೊದಲ ಟೋಕನ್ನಿನ ಸ್ಥಾನ 0, ಕೋನವೂ 0. ತಿರುಗದ ಜೋಡಿ ಯಾವುದಾದರೇನು? ಎರಡನೇ ಟೋಕನ್ನಿನಿಂದ ಕೋನ ಹುಟ್ಟುತ್ತದೆ, ತಪ್ಪೂ ಅಲ್ಲಿಂದಲೇ ಹುಟ್ಟುತ್ತದೆ. ಮೂಲ ಕೋಡಿನ ಫಲಿತಾಂಶದೊಂದಿಗೆ ನಿಮ್ಮದನ್ನು ಟೋಕನ್ ಟೋಕನಾಗಿ ಹೋಲಿಸಿ. ಮೊದಲನೆಯದು ಸರಿಹೊಂದಿ ಎರಡನೆಯದರಿಂದ ಬೇರೆಯಾದರೆ ಮೊದಲ ಅನುಮಾನ ಜೋಡಿಯ ಮೇಲಿರಲಿ.

ಸರಿಪಡಿಸುವುದು ಎರಡು ಬಗೆ. ಮೂಲ ಪದ್ಧತಿಯ ಕೋಡನ್ನೇ ಬರೆಯುವುದು ಒಂದು. ಇನ್ನೊಂದು, ತೂಕಗಳ ಸಾಲು ಬದಲಿಸುವುದು: ಪಕ್ಕಪಕ್ಕದ್ದರಿಂದ ಸೀಳುವುದಕ್ಕೆ ಬರುವಾಗ ಕ್ವೆರಿ ಮತ್ತು ಕೀ ಮ್ಯಾಟ್ರಿಕ್ಸುಗಳಲ್ಲಿ ಪ್ರತಿ ಹೆಡ್ಡಿನ ಸಾಲುಗಳನ್ನು 0, 2, 4, 6, 1, 3, 5, 7 ಎಂಬ ಕ್ರಮಕ್ಕೆ ತನ್ನಿ. ಎರಡಕ್ಕೂ ಒಂದೇ ಕ್ರಮವಾದ್ದರಿಂದ ಗುಣಲಬ್ಧ ಬದಲಾಗದು. ವ್ಯಾಲ್ಯೂ ಮ್ಯಾಟ್ರಿಕ್ಸನ್ನು ಮುಟ್ಟಬೇಡಿ, ರೋಟರಿ ಅದನ್ನು ತಿರುಗಿಸುವುದೇ ಇಲ್ಲ. ಕೀ ಹೆಡ್ಡುಗಳು ಕ್ವೆರಿ ಹೆಡ್ಡುಗಳಿಗಿಂತ ಕಡಿಮೆ ಇರುವ ಮಾದರಿಗಳಲ್ಲಿ ಎರಡಕ್ಕೂ ಒಂದೇ ಹೆಡ್ ಸಂಖ್ಯೆ ಹಾಕಿ ಸಾಲು ಕಲಸಿಬಿಡುವವರೂ ಇದ್ದಾರೆ. ಸಂಖ್ಯೆಯನ್ನು ಕಾನ್ಫಿಗ್ ಫೈಲಿನಿಂದ ಓದಿಕೊಳ್ಳಿ. ಮತ್ತೆ, ಯಾವ ಪದ್ಧತಿ ಎಂದು ಬರೆಯದೆ ತುಣುಕು ಕೋಡು ಹಂಚುವ ಜಾಗಗಳಿಂದ ನಕಲು ಮಾಡಬೇಡಿ. ಉಳಿಸಿದ ಹತ್ತು ನಿಮಿಷಕ್ಕೆ ಮೂರು ದಿನ ತೆರಬೇಕಾಗುತ್ತದೆ.

ಹೆಜ್ಜೆ 4: ಜರುಗಿಸಿ ನೋಡಿ

ಒಂದೇ ಕ್ವೆರಿ, ಒಂದೇ ಕೀ ತೆಗೆದುಕೊಂಡು ಸ್ಥಾನ 5 ಮತ್ತು 3ರಲ್ಲಿಟ್ಟು ಗುಣಿಸಿ. ಆಮೇಲೆ 105 ಮತ್ತು 103ರಲ್ಲಿಟ್ಟು ಗುಣಿಸಿ. ಅಂಕ ಒಂದೇ ಬರಬೇಕು. ಎರಡೂ ವೆಕ್ಟರ್ (1, 0) ಎಂಬ ಒಂದೇ ಜೋಡಿ, ವೇಗ 1 ಆದರೆ ಎರಡು ಸಲವೂ ಬರುವುದು ಕೊಸೈನ್ 2, ಅಂದರೆ −0.416. ಬೇರೆ ಬಂದರೆ ಒಂದನ್ನು ತಿರುಗಿಸುವುದು ಮರೆತಿದ್ದೀರಿ, ಇಲ್ಲವೇ ಚಿಹ್ನೆ ತಪ್ಪಿದೆ. ಆದರೆ ಎಚ್ಚರ: ಜೋಡಿ ಪದ್ಧತಿಯ ತಪ್ಪು ಈ ಪರೀಕ್ಷೆಗೆ ಸಿಗುವುದಿಲ್ಲ. ಎರಡು ಪದ್ಧತಿಯೂ ಇದರಲ್ಲಿ ಪಾಸಾಗುತ್ತವೆ. ಅದಕ್ಕೇ ಮೂರನೇ ಹೆಜ್ಜೆಯ ಹೋಲಿಕೆಯನ್ನು ಬಿಡುವಂತಿಲ್ಲ.

ಇದೇ ಗುಣದಿಂದ ರೋಟರಿಗೆ ಒಂದು ಅನುಕೂಲವೂ ಇದೆ. ಬ್ಯಾಚಿನಲ್ಲಿ ಚಿಕ್ಕ ವಾಕ್ಯದ ಎಡಕ್ಕೆ ಪ್ಯಾಡಿಂಗ್ ತುಂಬಿ ಎಲ್ಲ ಟೋಕನ್ನುಗಳೂ ಏಳು ಮನೆ ಮುಂದೆ ಸರಿದರೂ, ಪ್ಯಾಡಿಂಗನ್ನು ಮಾಸ್ಕ್ ಮುಚ್ಚಿದ್ದರೆ ಅಂಕ ಬದಲಾಗದು. ಕಲಿತ ಪಟ್ಟಿಯಲ್ಲಿ ಹಾಗಲ್ಲ. ಸ್ಥಾನ 0ರ ಸಾಲು ಸಿಗಬೇಕಾದ ಟೋಕನ್ನಿಗೆ 7ರದು ಸಿಕ್ಕಿ ಉತ್ತರವೇ ಬೇರೆಯಾಗುತ್ತದೆ.

ಹೆಜ್ಜೆ 5: ಕ್ಯಾಶ್ ಇದ್ದಾಗ ಎಣಿಕೆ ಮುಂದುವರಿಸಿ

ಬರೆಯುವ ಹೊತ್ತಿನಲ್ಲಿ ಹಳೆಯ ಕೀಗಳನ್ನು ಕ್ಯಾಶಿನಲ್ಲಿಟ್ಟು ಹೊಸ ಟೋಕನ್ ಒಂದನ್ನೇ ಒಳಗೆ ಕಳಿಸುತ್ತೇವೆ. ಆಗ `pos` ಮತ್ತೆ 0ಯಿಂದ ಶುರುವಾದರೆ ನೂರನೇ ಪದವೂ ತಾನೇ ಮೊದಲನೆಯದೆಂದು ತಿಳಿಯುತ್ತದೆ. ಹೊಸ ಟೋಕನ್ನಿನ ಸ್ಥಾನ ಎಂದರೆ ಕ್ಯಾಶಿನ ಉದ್ದ. ಒಂದೇ ಪ್ರಾಂಪ್ಟನ್ನು ಕ್ಯಾಶ್ ಇಟ್ಟೂ ಇಡದೆಯೂ ಓಡಿಸಿ ಹೋಲಿಸಿ.

ಹೆಜ್ಜೆ 6: ಉದ್ದ ಹೆಚ್ಚಿಸುವ ಮುನ್ನ

ಸೂತ್ರ ಎಷ್ಟು ಉದ್ದಕ್ಕಾದರೂ ಕೋನ ಕೊಡುತ್ತದೆ ಎಂದು ನಂಬಿ 4096ಕ್ಕೆ ಕಲಿತ ಮಾದರಿಗೆ 8192 ಟೋಕನ್ ಸುರಿಯಬೇಡಿ. ಹೆಡ್ಡಿನ ಅಗಲ 128, ಬೇಸ್ 10000 ಆದಾಗ ಎಲ್ಲಕ್ಕಿಂತ ನಿಧಾನದ ಜೋಡಿ ಒಂದು ಸುತ್ತು ಮುಗಿಸಲು ಸುಮಾರು 54,000 ಟೋಕನ್ ಬೇಕು. 4096ರ ತರಬೇತಿಯಲ್ಲಿ ಅದು ತಿರುಗಿದ್ದು ಬರೀ 27 ಡಿಗ್ರಿಯಷ್ಟು. ಅದರಾಚೆಯ ಕೋನವನ್ನು ಮಾದರಿ ಕಂಡೇ ಇಲ್ಲ, ಕಂಡಾಗ ಅಂಕಗಳು ಎತ್ತೆತ್ತಲೋ ಹೋಗುತ್ತವೆ. ಸೈನ್–ಕೊಸೈನ್ ವಿಧಾನವೂ ಇದೇ ರೀತಿ ಕಾಣದ ಸ್ಥಾನಗಳಲ್ಲಿ ಎಡವುತ್ತದೆ.

ದಾರಿ ಎರಡಿವೆ. 2023ರಲ್ಲಿ ಮೆಟಾದ ಸಂಶೋಧಕರು ತೋರಿಸಿದ್ದು ಸ್ಥಾನಗಳನ್ನು ಹಿಗ್ಗಿಸುವ ಬದಲು ಕುಗ್ಗಿಸುವುದನ್ನು: ಪ್ರತಿ ಸ್ಥಾನವನ್ನು 2ರಿಂದ ಭಾಗಿಸಿದರೆ 8192 ಟೋಕನ್ನೂ ಹಳೆಯ 4096ರ ಒಳಗೇ ಕೂರುತ್ತವೆ. ಇದಕ್ಕೆ ಸ್ವಲ್ಪ ಮರುತರಬೇತಿ ಬೇಕು. ಬಿಟ್ಟರೆ ಅಕ್ಕಪಕ್ಕದ ಟೋಕನ್ನುಗಳ ನಡುವಿನ ಅಂತರ ಅರ್ಧವಾದದ್ದನ್ನು ಮಾದರಿ ತಾಳಿಕೊಳ್ಳದು. ಇನ್ನೊಂದು ದಾರಿ ಬೇಸನ್ನೇ ಏರಿಸುವುದು. ಲಾಮಾ 3ರಲ್ಲಿ ಅದು 500000. ವೇಗದ ಜೋಡಿಗಳು ಹೆಚ್ಚುಕಡಿಮೆ ಹಾಗೇ ಉಳಿದು ನಿಧಾನದವು ಇನ್ನಷ್ಟು ನಿಧಾನವಾಗುತ್ತವೆ, ಹತ್ತಿರದ ‘ಹಸು’ ಮತ್ತು ‘ವನ್ನು’ಗಳ ಗುರುತು ಮಸುಕಾಗುವುದಿಲ್ಲ. ಆದ್ದರಿಂದ ಉದ್ದ ಪಠ್ಯ ಬೇಕೆಂದು ಮೊದಲೇ ಗೊತ್ತಿದ್ದರೆ ನಾನು ಬೇಸ್ ಏರಿಸಿಯೇ ತರಬೇತಿ ಶುರು ಮಾಡುತ್ತೇನೆ. ಬೇರೆಯವರ ತೂಕ ತಂದು ಬಳಸುವಾಗ ಮಾತ್ರ ಕಾನ್ಫಿಗ್ ಫೈಲಿನ `rope_theta` ನೋಡದೆ 10000 ಎಂದು ಕೈಯಾರೆ ತುಂಬಬೇಡಿ. ಆ ತಪ್ಪಿನಲ್ಲೂ ಮೊದಲ ಟೋಕನ್ ಸರಿಯಾಗಿಯೇ ಬರುತ್ತದೆ.