ವಿಸ್ಕೋಸ್, ಮೋಡಲ್, ಲಯೋಸೆಲ್: ಒದ್ದೆಯಾದಾಗ ಯಾವುದು ಹೇಗೆ?

ಬಟ್ಟೆ ಅಂಗಡಿಯಲ್ಲಿ ರೇಯಾನ್ ಎಂದು ಕೊಡುವ ಕುರ್ತಾ ಸಾಮಾನ್ಯವಾಗಿ ವಿಸ್ಕೋಸ್‌ನದು. ಅದರ ಪಕ್ಕದಲ್ಲೇ ಹೆಚ್ಚಿನ ಬೆಲೆಗೆ ಮೋಡಲ್ ಮತ್ತು ಲಯೋಸೆಲ್ ಬಟ್ಟೆಗಳೂ ಇರುತ್ತವೆ. ಮೂರೂ ಮರದ ತಿರುಳಿನಿಂದ ತೆಗೆದ ಸೆಲ್ಯುಲೋಸ್‌ನ ನೂಲುಗಳೇ ಆದ್ದರಿಂದ ಸುಟ್ಟು ನೋಡಿದರೂ ಮೂರಕ್ಕೂ ಕಾಗದ ಸುಟ್ಟ ವಾಸನೆಯೇ ಬರುತ್ತದೆ. ಇವುಗಳ ನಿಜವಾದ ವ್ಯತ್ಯಾಸ ಕಾಣುವುದು ಬಟ್ಟೆ ಬಕೆಟ್ಟಿಗೆ ಬಿದ್ದು ನೆನೆದಾಗ.

ವಿಸ್ಕೋಸ್ ತಯಾರಿಕೆಯ ವಿಧಾನಕ್ಕೆ ಬ್ರಿಟನ್ನಿನ ಕ್ರಾಸ್, ಬೆವನ್ ಮತ್ತು ಬೀಡಲ್ ಎಂಬವರು 1892ರಲ್ಲಿ ಪೇಟೆಂಟ್ ಪಡೆದರು. ಹಾಳೆಯ ರೂಪದ ತಿರುಳನ್ನು ಸುಮಾರು ಶೇ 18ರಷ್ಟು ಕಾಸ್ಟಿಕ್ ಸೋಡಾ ಇರುವ ನೀರಿನಲ್ಲಿ ನೆನೆಸಿ, ಹಿಂಡಿ, ಪುಡಿಮಾಡಿ, ಕೆಲಕಾಲ ಗಾಳಿಗೆ ಬಿಟ್ಟು ಹದಗೊಳಿಸುತ್ತಾರೆ. ಈ ಹಂತದಲ್ಲಿ ಸೆಲ್ಯುಲೋಸ್‌ನ ಉದ್ದನೆಯ ಅಣು ಸರಪಳಿಗಳು ತುಂಡಾಗಿ ಗಿಡ್ಡವಾಗುತ್ತವೆ; ಮುಂದೆ ನೂಲಿಗೆ ಬರುವ ದೌರ್ಬಲ್ಯದ ಬೀಜ ಬೀಳುವುದು ಬಹುಮಟ್ಟಿಗೆ ಇಲ್ಲಿಯೇ. ಬಳಿಕ ಕಾರ್ಬನ್ ಡೈಸಲ್ಫೈಡ್ ಸೇರಿಸಿದಾಗ ಕಿತ್ತಳೆ ಬಣ್ಣದ ಪದಾರ್ಥವೊಂದು ಉಂಟಾಗುತ್ತದೆ. ಅದನ್ನು ತೆಳುವಾದ ಕಾಸ್ಟಿಕ್ ದ್ರಾವಣದಲ್ಲಿ ಕರಗಿಸಿದರೆ ಜೇನಿನಂತೆ ಮಂದವಾದ ದ್ರವ ಸಿಗುತ್ತದೆ. ಸಣ್ಣ ರಂಧ್ರಗಳ ಮೂಲಕ ಈ ದ್ರವವನ್ನು ಗಂಧಕಾಮ್ಲದ ತೊಟ್ಟಿಗೆ ಒತ್ತಿದಾಗ ಅದು ಮತ್ತೆ ಸೆಲ್ಯುಲೋಸ್ ಆಗಿ, ಎಳೆಯಾಗಿ ಗಟ್ಟಿಯಾಗುತ್ತದೆ. ತುಂಗಭದ್ರೆಯ ದಡದಲ್ಲಿ, ಹರಿಹರದ ಬಳಿಯ ಕುಮಾರಪಟ್ಟಣದಲ್ಲಿ ತಯಾರಾಗುವುದೂ ವಿಸ್ಕೋಸ್ ನಾರೇ. ಅಂದಹಾಗೆ, ‘ಬಿದಿರಿನ ಬಟ್ಟೆ’ ಎಂದು ಮಾರುವ ಮೆದು ಬಟ್ಟೆಯೂ ಬಹುಪಾಲು ಇದೇ ದಾರಿಯಲ್ಲಿ ಬಂದ ವಿಸ್ಕೋಸ್.

ಮೋಡಲ್ ಇದೇ ಮನೆಯ ಕೂಸು. ಸರಪಳಿಗಳು ಅಷ್ಟಾಗಿ ತುಂಡಾಗದಂತೆ ನೋಡಿಕೊಂಡು, ಆಮ್ಲದ ತೊಟ್ಟಿಯಲ್ಲಿ ಎಳೆ ನಿಧಾನವಾಗಿ ಗಟ್ಟಿಯಾಗುವಂತೆ ಮಾಡಿ, ಆ ಹೊತ್ತಿನಲ್ಲಿ ಅದನ್ನು ಹೆಚ್ಚು ಎಳೆಯುತ್ತಾರೆ. ಸರಪಳಿಗಳು ಒಂದೇ ದಿಕ್ಕಿಗೆ ಸಾಲುಗೂಡುವುದರಿಂದ ನೂಲು ಹೆಚ್ಚು ಗಟ್ಟಿಯಾಗುತ್ತದೆ. ಲಯೋಸೆಲ್‌ನ ದಾರಿ ಮಾತ್ರ ಬೇರೆ. ಅಲ್ಲಿ ಕಾರ್ಬನ್ ಡೈಸಲ್ಫೈಡ್‌ಗೆ ಕೆಲಸವೇ ಇಲ್ಲ. ಎನ್‌ಎಂಎಂಒ ಎಂಬ ದ್ರಾವಕದಲ್ಲಿ ತಿರುಳನ್ನು ಬಿಸಿಯಲ್ಲಿ ನೇರವಾಗಿ ಕರಗಿಸಿ, ಎಳೆಯನ್ನು ಸ್ವಲ್ಪ ದೂರ ಗಾಳಿಯಲ್ಲಿ ಸಾಗಿಸಿ ನೀರಿಗೆ ಇಳಿಸುತ್ತಾರೆ. ಆ ದ್ರಾವಕದ ಶೇ 99ಕ್ಕೂ ಹೆಚ್ಚು ಭಾಗವನ್ನು ಮರಳಿ ಪಡೆದು ಮತ್ತೆ ಬಳಸಬಹುದು.

ನೀರು ಎಳೆಯೊಳಗೆ ನುಗ್ಗಿ ಸರಪಳಿಗಳ ನಡುವಿನ ಹಿಡಿತವನ್ನು ಸಡಿಲಿಸಿದಾಗ ವಿಸ್ಕೋಸ್ ತನ್ನ ಬಲದ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಮೋಡಲ್‌ನಲ್ಲಿ ಸುಮಾರು ಶೇ 60, ಲಯೋಸೆಲ್‌ನಲ್ಲಿ ಶೇ 85ರಷ್ಟು ಬಲ ಉಳಿಯುತ್ತದೆ. ಹತ್ತಿಯಾದರೋ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಹೊಲಿಗೆಯ ಅಂಚಿನಿಂದ ಒಂದು ಎಳೆ ಬಿಡಿಸಿ, ನಡುವೆ ಮಾತ್ರ ಒದ್ದೆ ಮಾಡಿ ಎರಡೂ ತುದಿ ಹಿಡಿದು ಎಳೆಯಿರಿ: ಒದ್ದೆಯಾದಲ್ಲೇ ತಟ್ಟನೆ ತುಂಡಾದರೆ ಅದು ವಿಸ್ಕೋಸ್ ಇರಬಹುದು, ಹತ್ತಿಯಂತೂ ಅಲ್ಲ. ಮೋಡಲ್ ಮತ್ತು ಲಯೋಸೆಲ್‌ಗಳನ್ನು ಬೇರೆಬೇರೆಯಾಗಿ ಗುರುತಿಸಲು ಈ ಪರೀಕ್ಷೆ ಸಾಲದು. ಅದಕ್ಕೆ ಚೀಟಿಯೇ ಆಧಾರ.

ಆದ್ದರಿಂದ ಹತ್ತಿಯ ಬಟ್ಟೆಯನ್ನು ಕಲ್ಲಿಗೆ ಕುಕ್ಕಿ ಒಗೆದು ಹಿಂಡುವ ಅಭ್ಯಾಸ ವಿಸ್ಕೋಸ್‌ಗೆ ಒಗ್ಗದು. ಅದನ್ನು ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ಸೌಮ್ಯವಾದ ಸೋಪಿನ ದ್ರವ ಹಾಕಿ, ಐದಾರು ನಿಮಿಷದಲ್ಲೇ ಅದ್ದಿ ಜಾಲಿಸಿ ತೆಗೆಯಬೇಕು. ಹಿಂಡದೆ, ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಹರಡಿ ಒಣಗಿಸಬೇಕು. ಒದ್ದೆಯ ಭಾರಕ್ಕೆ ಬಟ್ಟೆ ಜಗ್ಗುವುದರಿಂದ ತಂತಿಗೆ ಭುಜದಿಂದ ನೇತುಹಾಕಬಾರದು. ಸ್ವಲ್ಪ ತೇವವಿರುವಾಗಲೇ ಒಳಮೈಯಿಂದ ಮಧ್ಯಮ ಬಿಸಿಯ ಇಸ್ತ್ರಿ ಹಾಕಿದರೆ ಸುಕ್ಕು ಸುಲಭವಾಗಿ ಹೋಗುತ್ತದೆ. ಮೋಡಲ್ ಒಳಉಡುಪು, ಟೀಶರ್ಟುಗಳನ್ನು ಜಾಲರಿ ಚೀಲದಲ್ಲಿಟ್ಟು ಯಂತ್ರದಲ್ಲಿ ಸೌಮ್ಯ ಒಗೆತದ ಆಯ್ಕೆಗಿಟ್ಟು ಒಗೆಯಬಹುದು; ಉಜ್ಜಿದಲ್ಲಿ ಸಣ್ಣ ಉಂಡೆಗಳು ಏಳುವುದು ಅದರ ದೌರ್ಬಲ್ಯ. ಲಯೋಸೆಲ್ ಬಲಶಾಲಿಯಾದರೂ ಅದಕ್ಕೆ ತನ್ನದೇ ಕಾಯಿಲೆಯಿದೆ. ಒದ್ದೆಯಲ್ಲಿ ಉಜ್ಜಾಡಿದರೆ ಎಳೆಯ ಮೇಲ್ಮೈ ಸೀಳಿ ಅತಿ ಸಣ್ಣ ನಾರುಗಳು ಏಳುತ್ತವೆ. ಗಾಢ ಬಣ್ಣದ ಬಟ್ಟೆಯ ಮಡಿಕೆಗಳಲ್ಲಿ ಬೂದಿ ಉದುರಿದಂಥ ಬಿಳಿಚು ಕಾಣಿಸಿದರೆ ಅದು ಈ ಸೀಳಿನ ಗುರುತಿರಬಹುದು. ಅಂಥ ಬಟ್ಟೆಯನ್ನು ಬ್ರಷ್ಷಿನಿಂದ ಉಜ್ಜದಿರಿ, ಜೀನ್ಸ್‌ನೊಂದಿಗೆ ಯಂತ್ರಕ್ಕೆ ಹಾಕದಿರಿ.

ವಿಸ್ಕೋಸ್ ಬಟ್ಟೆ ಕೊಂಡು ಹೊಲಿಸುವವರು ಮೊದಲು ಅದರ ಕುಗ್ಗುವಿಕೆಯನ್ನು ಅಳೆಯಬೇಕು. ನೇಯ್ಗೆಯಲ್ಲೂ ಬಣ್ಣ ಹಾಕುವಾಗಲೂ ಎಳೆದು ಹಿಡಿದಿದ್ದ ನೂಲು ನೆನೆದು ಉಬ್ಬಿದೊಡನೆ ಸಡಿಲಗೊಂಡು ಕುಗ್ಗುತ್ತದೆ. ಬಟ್ಟೆಯ ಉದ್ದಕ್ಕೆ 40 ಸೆಂಟಿಮೀಟರ್ ಅಂತರದಲ್ಲಿ ದಾರದ ಎರಡು ಗುರುತು ಹಾಕಿ, ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ ಮತ್ತೆ ಅಳೆಯಿರಿ. 38 ಸೆಂಟಿಮೀಟರ್ ಬಂದರೆ ಕುಗ್ಗಿದ್ದು ಶೇ 5. ಹಾಗೆಯೇ ಹೊಲಿಸಿದ್ದರೆ 110 ಸೆಂಟಿಮೀಟರ್ ಉದ್ದದ ಕುರ್ತಾ ಮೊದಲ ಒಗೆತಕ್ಕೇ 104.5ಕ್ಕೆ ಇಳಿಯುತ್ತಿತ್ತು. ಎರಡೂವರೆ ಮೀಟರ್ ಬೇಕೆಂದು ದರ್ಜಿ ಹೇಳಿದರೆ 2.65 ಮೀಟರ್ ಕೊಂಡು, ಎರಡು ಸಲ ನೆನೆಸಿ ಒಣಗಿಸಿಯೇ ಕತ್ತರಿಗೆ ಕೊಡಿ.